ಗುರು ಗ್ರಹ ನೀರಿನ ಟ್ಯಾಂಕಿನೊಳಗೆ ಇಲ್ಲ: ಮಕ್ಕಳ ಜೊತೆ ಆಕಾಶದ ಆ್ಯಪ್ ಬಳಸುವ ಬಗೆ

2025ರ ಡಿಸೆಂಬರ್ ಕೊನೆಯ ವಾರ. ಮಕ್ಕಳಿಗೆ ರಜೆ. ರಾತ್ರಿ ಎಂಟೂವರೆಗೆ ಬೆಂಗಳೂರಿನ ನಮ್ಮ ಮನೆಯ ತಾರಸಿ ಹತ್ತಿ, ಫೋನ್ ಹಿಡಿದ ಕಡೆಯ ನಕ್ಷತ್ರ, ಗ್ರಹಗಳ ಹೆಸರು ತೋರಿಸುವ ಆ್ಯಪ್ ತೆರೆದೆವು. ಒಂಬತ್ತು ವರ್ಷದ ಮಗಳು ಫೋನ್ ಹಿಡಿದು ಸುತ್ತ ತಿರುಗಿದಳು. "ಅಮ್ಮಾ, ಗುರು ಪಕ್ಕದ ಮನೆಯ ನೀರಿನ ಟ್ಯಾಂಕ್ ಒಳಗಿದೆ" ಅಂದಳು. ಫೋನ್ ನೋಡಿದರೆ ಹೌದು, ಬಾಣದ ಗುರುತು ಟ್ಯಾಂಕಿನ ಮೇಲೇ ಇದೆ. ಆದರೆ ಅಲ್ಲಿಂದ ತುಂಬಾ ಎಡಕ್ಕೆ, ಎರಡು ಕಟ್ಟಡಗಳ ಸಂದಿಯಲ್ಲಿ, ಮಿನುಗದೆ ಹೊಳೆಯುವ ಒಂದು ದೊಡ್ಡ ಚುಕ್ಕಿ ಸುಮ್ನೆ ನಿಂತಿತ್ತು. ಗುರು ಅದೇ.

ಆವತ್ತು ನಾನು ಆ್ಯಪ್ ಸರಿ ಇಲ್ಲ ಅಂದುಕೊಂಡು ಇನ್ನೆರಡು ಡೌನ್‌ಲೋಡ್ ಮಾಡಿದೆ. ಅವೂ ಟ್ಯಾಂಕನ್ನೇ ತೋರಿಸಿದವು. ತಪ್ಪು ಆ್ಯಪ್‌ನದಲ್ಲ, ಫೋನಿನ ಕವರ್‌ನದು ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ಮುಚ್ಚಳ ಅಂಟಿಕೊಳ್ಳಲಿ ಅಂತ ಆ ಕವರ್‌ನಲ್ಲಿ ಒಂದು ಪುಟ್ಟ ಆಯಸ್ಕಾಂತ ಇತ್ತು.

ಆಕಾಶದ ಲೆಕ್ಕದಲ್ಲಿ ಈ ಆ್ಯಪ್‌ಗಳು ತಪ್ಪುವುದಿಲ್ಲ ಎಂದೇ ಹೇಳಬಹುದು. ತಪ್ಪುವುದು ಫೋನ್ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವ ಅಂದಾಜು. ಅದಕ್ಕೇ ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮೊದಲು ಬರಿಗಣ್ಣಿಗೆ ಖಚಿತವಾಗಿ ಗೊತ್ತಿರುವ ಒಂದನ್ನು ಹಿಡಿದು ಫೋನನ್ನು ಪರೀಕ್ಷೆ ಮಾಡುತ್ತೇವೆ. ಪಾಸಾದರೆ ಅದು ಹೇಳಿದ್ದನ್ನು ಕೇಳುತ್ತೇವೆ. ಫೇಲಾದರೆ ಅದನ್ನು ಕಾಗದದ ನಕ್ಷೆಯ ಹಾಗೆ ಬಳಸುತ್ತೇವೆ. ಎರಡು ದಾರಿಯಲ್ಲೂ ಗುರು ಸಿಗುತ್ತದೆ.

ಯಾವ ಆ್ಯಪ್

ನಾನು ಬಳಸುವುದು ಸ್ಟೆಲೇರಿಯಂ. ಆ್ಯಪ್ ಅಂಗಡಿಯಲ್ಲಿ `Stellarium Mobile` ಎಂದು ಹುಡುಕಿ. ಐಫೋನಿಗೂ ಆಂಡ್ರಾಯ್ಡ್‌ಗೂ ಇದೆ. ಹಣ ಕೊಟ್ಟು ತೆಗೆದುಕೊಳ್ಳುವ ಪ್ಲಸ್ ಆವೃತ್ತಿಯೂ ಇದೆ. ಮನೆಮಂದಿ ನೋಡಲು ಉಚಿತದ್ದೇ ಸಾಕು. ಆಂಡ್ರಾಯ್ಡ್ ಫೋನ್ ಹಳೆಯದಾಗಿದ್ದರೆ `Sky Map` ಹಾಕಿ. ಅದು ಗೂಗಲ್ ಎಂಜಿನಿಯರ್‌ಗಳು 2009ರಲ್ಲಿ ಮಾಡಿದ್ದು, 2012ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಚಿತ್ರ ಅಷ್ಟು ಚೆನ್ನಾಗಿಲ್ಲ, ಆದರೆ ಹಗುರ. ಫೋನೇ ಬೇಡ ಅನ್ನುವವರು ಕಂಪ್ಯೂಟರ್‌ನಲ್ಲಿ `stellarium-web.org` ತೆರೆಯಬಹುದು.

ಜಾಹೀರಾತು ತುಂಬಿದ ಆ್ಯಪ್‌ಗಳನ್ನು ಮಕ್ಕಳ ಕೈಗೆ ಕೊಡಬೇಡಿ. ನಾನು ಹಾಕಿದ ಒಂದರಲ್ಲಿ, ಹೆಸರು ಬೇಡ, ಕೃತ್ತಿಕೆ ಮುಟ್ಟಿದರೆ ಚಂದಾ ಕಟ್ಟಿ ಅನ್ನುವ ಬಿಳಿ ಪರದೆ ಇಡೀ ಫೋನ್ ತುಂಬುತ್ತಿತ್ತು. ದುಡ್ಡಿನ ವಿಷಯ ಹಾಗಿರಲಿ, ಕತ್ತಲಿಗೆ ಹೊಂದಿಕೊಂಡ ಕಣ್ಣು ಆ ಒಂದು ಬಿಳಿ ಬೆಳಕಿಗೇ ಕೆಡುತ್ತದೆ.

ಹಗಲಲ್ಲೇ ಮುಗಿಸಬೇಕಾದ ಕೆಲಸ

ಕತ್ತಲಲ್ಲಿ, ಮಕ್ಕಳು ಕೈ ಜಗ್ಗುತ್ತಿರುವಾಗ ಸೆಟ್ಟಿಂಗ್ ಹುಡುಕುವುದು ಆಗದ ಮಾತು. ಮಧ್ಯಾಹ್ನವೇ ಕೂತು ಮುಗಿಸಿ.

ಆ್ಯಪ್ ಮೊದಲು ಕೇಳುವುದು ನೀವು ಇರುವ ಜಾಗ. ಕೊಡಲೇಬೇಕು, ಇಲ್ಲದಿದ್ದರೆ ಅದು ಇನ್ಯಾವುದೋ ಊರಿನ ಆಕಾಶ ತೋರಿಸುತ್ತದೆ. ಆದರೆ ಮನೆ ಬಾಗಿಲಿನ ತನಕದ ನಿಖರತೆ ಇಲ್ಲಿ ಬೇಕಿಲ್ಲ. ಉತ್ತರ-ದಕ್ಷಿಣವಾಗಿ ಸುಮಾರು 111 ಕಿಲೋಮೀಟರ್ ಹೋದರೆ ಆಕಾಶ ಒಂದು ಡಿಗ್ರಿ ಜರುಗುತ್ತದೆ, ಅಷ್ಟೇ. ಹಾಗಾಗಿ ಫೋನ್ ಕೇಳಿದಾಗ ಅಂದಾಜು ಜಾಗ ಸಾಕು ಅನ್ನುವ ಆಯ್ಕೆ ಒತ್ತಿ. ಅದೂ ಬೇಡವಾದರೆ ಊರಿನ ಹೆಸರನ್ನು ಕೈಯಿಂದಲೇ ಹಾಕಿ.

ಆಮೇಲೆ ಪರದೆಯ ಕೆಳಗಿನ ಪಟ್ಟಿ ನೋಡಿ. ನಕ್ಷತ್ರಪುಂಜದ ಗೆರೆಗಳು, ಚಿತ್ರಗಳು, ವಾತಾವರಣ, ನೆಲದ ದೃಶ್ಯ, ಕೆಂಪು ರಾತ್ರಿ ಪರದೆ ಇವುಗಳಿಗೆ ಒಂದೊಂದು ಗುರುತು ಇರುತ್ತದೆ. ಒಂದೊಂದನ್ನೂ ಒತ್ತಿ, ಏನಾಗುತ್ತದೆ ಅಂತ ಮಕ್ಕಳಿಗೇ ಕಂಡುಹಿಡಿಯಲು ಬಿಡಿ. ವಾತಾವರಣ ಆಫ್ ಮಾಡಿದರೆ ಹಗಲಲ್ಲೂ ನಕ್ಷತ್ರ ಕಾಣುತ್ತವೆ. ಇದನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ. ರಾತ್ರಿಗೆ ಹೊರಡುವಾಗ ಗೆರೆಗಳನ್ನು ಉಳಿಸಿ, ಚಿತ್ರಗಳನ್ನು ಆಫ್ ಮಾಡಿ. ಸಿಂಹದ ಬಣ್ಣದ ಚಿತ್ರ ನೋಡಿದ ಮಗು ಆಕಾಶದಲ್ಲೂ ಸಿಂಹವನ್ನೇ ಹುಡುಕುತ್ತದೆ, ನಾಲ್ಕು ಚುಕ್ಕಿ ಕಂಡು ಬೇಜಾರು ಮಾಡಿಕೊಳ್ಳುತ್ತದೆ.

ಕೊನೆಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ನೋಡಿ. ಬರಿಗಣ್ಣಿಗೆ ಕಾಣುವ ನಕ್ಷತ್ರ, ಗ್ರಹಗಳ ಲೆಕ್ಕಕ್ಕೆ ಇಂಟರ್ನೆಟ್ ಬೇಕಿಲ್ಲ. ರಾತ್ರಿ ಹಾಗೇ ಇಟ್ಟರೆ ಮಧ್ಯೆ ಮೆಸೇಜ್ ಬಂದು ಪರದೆ ಬೆಳಗುವುದೂ ತಪ್ಪುತ್ತದೆ.

ಫೋನಿನ ದಿಕ್ಕಿಗೆ ಪರೀಕ್ಷೆ

ಫೋನ್ ತನ್ನ ಮುಖ ಎತ್ತ ಇದೆ ಎಂದು ತಿಳಿಯುವುದು ಎರಡು ಬಗೆಯಲ್ಲಿ. ಎಷ್ಟು ಮೇಲಕ್ಕೆ ಎತ್ತಿದ್ದೀರಿ ಅನ್ನುವುದನ್ನು ಅದು ಗುರುತ್ವದಿಂದ ತಿಳಿಯುತ್ತದೆ. ಇದರಲ್ಲಿ ತಪ್ಪು ಕಡಿಮೆ. ಪೂರ್ವವೋ ದಕ್ಷಿಣವೋ ಅನ್ನುವುದನ್ನು ಒಳಗಿನ ಪುಟ್ಟ ದಿಕ್ಸೂಚಿಯಿಂದ ತಿಳಿಯುತ್ತದೆ. ದಿಕ್ಸೂಚಿ ಭೂಮಿಯ ಆಯಸ್ಕಾಂತ ಶಕ್ತಿಯನ್ನು ಓದಬೇಕು. ಅದು ಬಹಳ ದುರ್ಬಲ. ಕವರ್‌ನ ಚಿಕ್ಕ ಆಯಸ್ಕಾಂತ, ಕಬ್ಬಿಣದ ರೇಲಿಂಗ್, ಟ್ಯಾಂಕಿನ ಸ್ಟ್ಯಾಂಡು, ಪಕ್ಕದಲ್ಲಿಟ್ಟ ಸ್ಪೀಕರು, ಯಾವುದೇ ಆದರೂ ಅದನ್ನು ಮೀರಿಸಿಬಿಡುತ್ತದೆ.

ಆದ್ದರಿಂದ ಕವರ್ ತೆಗೆಯಿರಿ. ರೇಲಿಂಗ್‌ನಿಂದ ಮೂರ್ನಾಲ್ಕು ಹೆಜ್ಜೆ ದೂರ ನಿಲ್ಲಿ. ಗಾಳಿಯಲ್ಲಿ ಅಡ್ಡ ಮಲಗಿಸಿದ ಎಂಟರ ಆಕಾರ ಬರೆದ ಹಾಗೆ ಫೋನನ್ನು ನಾಲ್ಕೈದು ಸಲ ಆಡಿಸಿ, ಮಣಿಕಟ್ಟನ್ನೂ ತಿರುಗಿಸುತ್ತಾ. ಫೋನಿನ ಎಲ್ಲ ಮುಖಗಳೂ ಎಲ್ಲ ದಿಕ್ಕಿಗೂ ಒಮ್ಮೆ ತಿರುಗಬೇಕು, ಆಗ ದಿಕ್ಸೂಚಿ ತನ್ನ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಬೇಕಾದರೆ ಗೂಗಲ್ ಮ್ಯಾಪ್ಸ್ ತೆರೆದು ನೀಲಿ ಚುಕ್ಕಿ ನೋಡಿ. ಅದರಿಂದ ಹೊರಡುವ ನೀಲಿ ಬೆಳಕಿನ ಬೀಸಣಿಗೆ ಕಿರಿದಾಗಿದ್ದರೆ ಫೋನಿಗೆ ದಿಕ್ಕು ಖಚಿತ. ಅಗಲವಾಗಿದ್ದರೆ ಗೊಂದಲದಲ್ಲಿದೆ. ಬೀಸಣಿಗೆ ಎಷ್ಟು ಹೊತ್ತಾದರೂ ಬರಲೇ ಇಲ್ಲ ಅಂದರೆ ಆ ಫೋನಿನಲ್ಲಿ ದಿಕ್ಸೂಚಿಯೇ ಇಲ್ಲದಿರಬಹುದು. ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಇರುವುದಿಲ್ಲ. ಅಂಥದ್ದನ್ನು ಎಂಟಲ್ಲ, ನೂರು ಬರೆದರೂ ಸರಿ ಮಾಡಲಾಗುವುದಿಲ್ಲ.

ಈಗ ನಿಜವಾದ ಪರೀಕ್ಷೆ. ಆಕಾಶದಲ್ಲಿ ನಿಮಗೆ ಸಂದೇಹವೇ ಇಲ್ಲದ ಒಂದನ್ನು ಆರಿಸಿ. ಚಂದ್ರ ಇದ್ದರೆ ಚಂದ್ರನೇ ಸಾಕು. ಫೋನನ್ನು ಅದರ ಕಡೆ ಹಿಡಿಯಿರಿ. ಪರದೆಯ ಚಂದ್ರ ನಿಜವಾದ ಚಂದ್ರನ ಮೇಲೆ ಕೂತನೇ? ಒಂದರ್ಧ ಮುಷ್ಟಿಯಷ್ಟು ಆಚೀಚೆ ಆದರೆ ಪರವಾಗಿಲ್ಲ. ಚಂದ್ರ ನೆತ್ತಿಯ ಹತ್ತಿರ ಇದ್ದರೆ ಮಾತ್ರ ಈ ಪರೀಕ್ಷೆ ಮಾಡಬೇಡಿ. ಅಲ್ಲಿ ದಿಕ್ಕು ಎಷ್ಟೇ ತಪ್ಪಿದ್ದರೂ ಚುಕ್ಕಿಗಳು ಸ್ವಲ್ಪವೇ ಜರುಗುತ್ತವೆ, ತಪ್ಪು ಅಡಗಿಕೊಳ್ಳುತ್ತದೆ. ಅರ್ಧ ಆಕಾಶಕ್ಕಿಂತ ಕೆಳಗಿರುವುದನ್ನೇ ಆರಿಸಿ.

ಒಂದೇ ದಿಕ್ಕಿನಲ್ಲಿ ಪಾಸಾದರೆ ಸಾಲದು. ನಮ್ಮ ಕವರ್ ಹಾಕಿಕೊಂಡೇ ಒಮ್ಮೆ ಬೇಕಂತಲೇ ನೋಡಿದೆವು. ಪೂರ್ವಕ್ಕೆ ತಿರುಗಿದರೆ ಮೂರೂವರೆ ಮುಷ್ಟಿ ತಪ್ಪು, ದಕ್ಷಿಣಕ್ಕೆ ತಿರುಗಿದರೆ ಒಂದೇ ಮುಷ್ಟಿ. ಆಯಸ್ಕಾಂತ ಫೋನಿನ ಜೊತೆಗೇ ತಿರುಗುವುದರಿಂದ ಹೀಗಾಗುತ್ತದೆ. "ಯಾವಾಗಲೂ ಇಷ್ಟು ಎಡಕ್ಕೆ ನೋಡಿದರಾಯಿತು" ಅನ್ನುವ ಹಾಗಿಲ್ಲ.

ಮುಷ್ಟಿಯ ಅಳತೆ

ಮುಷ್ಟಿ ಅಂದೆ, ಅದನ್ನು ಹೇಳಿಬಿಡುತ್ತೇನೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ ಒಂದು ಡಿಗ್ರಿ. ಮಗುವಿನ ಮುಷ್ಟಿ ಚಿಕ್ಕದು, ಆದರೆ ಅದರ ಕೈಯೂ ಗಿಡ್ಡ. ಹಾಗಾಗಿ ಲೆಕ್ಕ ಸರಿಹೋಗುತ್ತದೆ. ನಂಬಿಕೆ ಬರದಿದ್ದರೆ ನೆಲದ ಅಂಚಿನಿಂದ ನೆತ್ತಿಯ ತನಕ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಲು ಹೇಳಿ. ಒಂಬತ್ತಾದರೆ ಸರಿ. ಆರು ವರ್ಷದ ಮಗನಿಗೆ ಏಳೇ ಆಯಿತು. ಅವನು ಪ್ರತಿ ಸಲ ಕೈ ಮಡಚುತ್ತಿದ್ದ.

ಇದು ಯಾಕೆ ಬೇಕು ಅಂದರೆ, ಆ್ಯಪ್‌ನಲ್ಲಿ ಯಾವುದೇ ನಕ್ಷತ್ರ ಮುಟ್ಟಿದರೆ ಅದರ ವಿವರದಲ್ಲಿ `Az/Alt` ಎಂದು ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ದಿಕ್ಕು. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಎರಡನೆಯದು ಎತ್ತರ. ಎತ್ತರ 35 ಇದ್ದರೆ ಮೂರೂವರೆ ಮುಷ್ಟಿ. ಇದು ಗೊತ್ತಿದ್ದರೆ ಫೋನನ್ನು ಆಕಾಶಕ್ಕೆ ಹಿಡಿಯಬೇಕಾಗಿಯೇ ಇಲ್ಲ. ದಿಕ್ಸೂಚಿ ಗುರುತಿನ ಬಟನ್ ಆಫ್ ಮಾಡಿ, ಬೆರಳಲ್ಲಿ ಆಕಾಶ ಎಳೆದು, ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಹುಡುಕಬಹುದು.

ಒಂದು ರಾತ್ರಿ: 2026ರ ಜನವರಿ 17, ತಿಪಟೂರಿನ ಹತ್ತಿರ

ಸಂಕ್ರಾಂತಿ ಕಳೆದ ಶನಿವಾರ ಅತ್ತೆಯ ಊರಿಗೆ ಹೋಗಿದ್ದೆವು. ಮರುದಿನ ಅಮಾವಾಸ್ಯೆ, ಹಾಗಾಗಿ ಚಂದ್ರನಿಲ್ಲ. ಒಳ್ಳೆಯ ಕತ್ತಲೆ. ಆದರೆ ಚಂದ್ರನಿಲ್ಲ ಅಂದರೆ ಪರೀಕ್ಷೆಗೆ ಬೇರೆ ಏನಾದರೂ ಬೇಕು.

ಏಳೂವರೆಗೇ ಚಾಪೆ ಹಾಸಿ ಮಲಗಿದೆವು. ಮಲಗಿಯೇ ನೋಡಬೇಕು, ಅದರಲ್ಲೂ ತಾರಸಿಯಲ್ಲಿ. ಫೋನ್ ನೋಡುತ್ತಾ ಹಿಂದೆ ಹಿಂದೆ ನಡೆಯುವ ಮಗುವಿಗೆ ತಾರಸಿಯ ಅಂಚು ಕಾಣುವುದಿಲ್ಲ. ನಮ್ಮಲ್ಲಿ ಫೋನ್ ಹಿಡಿದವರು ಏಳುವ ಹಾಗಿಲ್ಲ, ಎದ್ದವರು ಫೋನ್ ಹಿಡಿಯುವ ಹಾಗಿಲ್ಲ.

ಮೊದಲ ಅರ್ಧ ಗಂಟೆ ಫೋನ್ ತೆಗೆಯಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಮಕ್ಕಳನ್ನು ಸುಮ್ಮನಿರಿಸುವುದು ಸುಲಭವಲ್ಲ. ಅತ್ತೆ ಕಡಲೆಕಾಯಿ ತಂದುಕೊಟ್ಟರು, ಅದರಲ್ಲೇ ಕಳೆಯಿತು. ಮಗಳಿಗೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು, ಕಾಣುವ ಐದು ದೊಡ್ಡ ಚುಕ್ಕಿಗಳನ್ನು ಇದ್ದ ಹಾಗೆ ಗುರುತು ಮಾಡು ಅಂದೆ. ಬ್ಯಾಟರಿಗೆ ಕೆಂಪು ಗಾಜುಕಾಗದ ಸುತ್ತಿದ್ದೆವು.

ಎಂಟು ಗಂಟೆಗೆ ಪೂರ್ವ-ಆಗ್ನೇಯದಲ್ಲಿ, ಐದು ಮುಷ್ಟಿ ಎತ್ತರದಲ್ಲಿ, ಸಾಲಾಗಿ ನಿಂತ ಮೂರು ಚುಕ್ಕಿಗಳು. ಮಹಾವ್ಯಾಧನ ಸೊಂಟಪಟ್ಟಿ. ಇಂಗ್ಲಿಷಿನಲ್ಲಿ ಒರೈಯನ್. ಆಕಾಶದಲ್ಲಿ ಒಂದೇ ಗಾತ್ರದ ಮೂರು ನಕ್ಷತ್ರ ಇಷ್ಟು ಒತ್ತಾಗಿ, ಸಾಲಾಗಿ ಇನ್ನೆಲ್ಲೂ ಕಾಣುವುದಿಲ್ಲ, ಮಗುವಿಗೂ ತಪ್ಪುವುದಿಲ್ಲ. ಆ ಸಾಲನ್ನೇ ಕೆಳಕ್ಕೆ ಎಳೆದರೆ ಲುಬ್ಧಕ. ನೆಲದಿಂದ ಮೂರು ಮುಷ್ಟಿ. ಆಕಾಶದ ನಕ್ಷತ್ರಗಳಲ್ಲೆಲ್ಲ ಹೆಚ್ಚು ಹೊಳಪಿನದು ಇದೇ. ನಮ್ಮ ಪರೀಕ್ಷೆಗೆ ಇದು ಸಾಕು.

ಆ್ಯಪ್ ತೆರೆದೆ. ಕೆಂಪು ಪರದೆ, ಫೋನಿನ ಬೆಳಕೂ ತೀರಾ ಕಡಿಮೆ. ಕೆಂಪು ಪರದೆ ಹಾಕಿದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಸಾಲದು. ಬೆಳಕು ಪೂರ್ತಿ ಇದ್ದರೆ ಕೆಂಪೂ ಕಣ್ಣು ಕುಕ್ಕುತ್ತದೆ. ಹುಡುಕುವ ಜಾಗದಲ್ಲಿ `Sirius` ಅಂತ ಹಾಕಿದೆ. ಲುಬ್ಧಕದ ಇಂಗ್ಲಿಷ್ ಹೆಸರು ಅದು. ಮಗಳು ಫೋನನ್ನು ಲುಬ್ಧಕದ ಕಡೆ ಹಿಡಿದಳು. ಪರದೆಯ ಚುಕ್ಕಿ ನಿಜವಾದ ಚುಕ್ಕಿಯ ಪಕ್ಕದಲ್ಲೇ ಕೂತಿತು. ಕವರ್ ಇಲ್ಲದ ಫೋನ್ ಪಾಸು.

ಇನ್ನು ಅವಳ ಹಾಳೆ. ಐದು ಚುಕ್ಕಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬರೆದದ್ದು ಪೂರ್ವದ ಒಂದನ್ನು. ಲುಬ್ಧಕಕ್ಕಿಂತಲೂ ಹೊಳಪು, ಮಿನುಗುತ್ತಿರಲಿಲ್ಲ. ಹೆಸರು ನಾನು ಹೇಳಲಿಲ್ಲ. ಮೂರೂವರೆ ಮುಷ್ಟಿ ಎತ್ತರ ಅಂತ ಅವಳೇ ಅಳೆದಳು. ಆ್ಯಪ್‌ನಲ್ಲಿ ಅದೇ ಜಾಗ ಮುಟ್ಟಿದಳು: `Jupiter`, ಎತ್ತರ 35 ಡಿಗ್ರಿ ಚಿಲ್ಲರೆ. ಒಂದು ವಾರದ ಹಿಂದಷ್ಟೇ, ಜನವರಿ 10ಕ್ಕೆ, ಗುರು ಸೂರ್ಯನಿಗೆ ನೇರ ಎದುರಿಗೆ ಬಂದಿತ್ತು. ಹಾಗಾಗಿ ಸಂಜೆ ಹುಟ್ಟಿ ರಾತ್ರಿಯಿಡೀ ಇರುತ್ತಿತ್ತು. ಪಕ್ಕದಲ್ಲಿದ್ದ ಜೋಡಿ ನಕ್ಷತ್ರಗಳು ಮಿಥುನ ರಾಶಿಯವು, ನಮ್ಮ ಪುನರ್ವಸು.

ಶನಿ ಪಶ್ಚಿಮದಲ್ಲಿತ್ತು, ಅದೂ ಮೂರೂವರೆ ಮುಷ್ಟಿಯಲ್ಲೇ. ಮಂಕು ಹಳದಿ. ಆ್ಯಪ್ ಇಲ್ಲದಿದ್ದರೆ ನಾನೇ ಅದನ್ನು ದಾಟಿಕೊಂಡು ಹೋಗುತ್ತಿದ್ದೆ. ಮಗ ಶುಕ್ರ, ಮಂಗಳ ಎಲ್ಲಿ ಅಂದ. `Venus` ಹುಡುಕಿದರೆ ನೆಲದ ಕೆಳಗೆ ತೋರಿಸಿತು. `Mars` ಕೂಡ ಅಲ್ಲೇ. ಎರಡೂ ಆ ದಿನಗಳಲ್ಲಿ ಸೂರ್ಯನ ಆಚೆ ಬದಿಗೆ ಹೋಗಿ, ಅವನ ಜೊತೆಗೇ ಮುಳುಗುತ್ತಿದ್ದವು. ಬಾಣ ಚಾಪೆಯ ಕಡೆ ತೋರಿಸಿದರೆ ಆ್ಯಪ್ ಕೆಟ್ಟಿಲ್ಲ, ಅದು ಭೂಮಿಯ ಆಚೆ ಇರುವುದನ್ನು ತೋರಿಸುತ್ತಿದೆ ಅಷ್ಟೇ. ಮಗ ಚಾಪೆ ಎತ್ತಿ ನೋಡಿದ.

ಗುರುವನ್ನು ಆ್ಯಪ್‌ನಲ್ಲಿ ಹಿಗ್ಗಿಸಿದರೆ ಪಟ್ಟೆಗಳು, ಕೆಂಪು ಚುಕ್ಕೆ ಎಲ್ಲ ಕಾಣುತ್ತವೆ. ಕಣ್ಣಿಗೆ ಕಾಣುವುದು ಚುಕ್ಕಿ ಮಾತ್ರ. ಈ ನಿರಾಸೆಗೆ ಒಳ್ಳೆಯ ಮದ್ದು ಬೈನಾಕ್ಯುಲರ್. 7x50 ಅಥವಾ 10x50 ಇದ್ದರೆ ಮೊಣಕೈಯನ್ನು ಗೋಡೆಗೆ ಊರಿ ಹಿಡಿಯಿರಿ, ಇಲ್ಲದಿದ್ದರೆ ಕೈ ನಡುಗಿ ಏನೂ ನಿಲ್ಲುವುದಿಲ್ಲ. ಗುರುವಿನ ಎರಡೂ ಕಡೆ ಒಂದೇ ಗೆರೆಯಲ್ಲಿ ಎರಡೋ ಮೂರೋ ನಾಲ್ಕೋ ಸಣ್ಣ ಚುಕ್ಕಿ ಕಾಣುತ್ತವೆ. ಅವು ಗುರುವಿನ ಚಂದ್ರರು. ಮಕ್ಕಳು ಮೊದಲು ಎಷ್ಟು, ಯಾವ ಬದಿಗೆ ಅಂತ ಬರೆದುಕೊಳ್ಳಲಿ. ಆಮೇಲೆ ಆ್ಯಪ್‌ನಲ್ಲಿ ಹಿಗ್ಗಿಸಿ, ಯಾವುದು ಅಯೋ, ಯಾವುದು ಗ್ಯಾನಿಮೀಡ್ ಅಂತ ಹೊಂದಿಸಲಿ. ಒಂದು ಗಂಟೆ ಬಿಟ್ಟು ನೋಡಿದರೆ ಒಳಗಿನ ಚಂದ್ರ ಜರುಗಿರುವುದೂ ಕೆಲವೊಮ್ಮೆ ಗೊತ್ತಾಗುತ್ತದೆ. ಶನಿಯ ಬಳೆ ಮಾತ್ರ ಬೈನಾಕ್ಯುಲರ್‌ಗೆ ಸಿಗುವುದಿಲ್ಲ, ದೂರದರ್ಶಕವೇ ಬೇಕು. ಮೊದಲೇ ಹೇಳಿಬಿಡಿ.

ಅಂದಹಾಗೆ, ಮಲಗಿದಲ್ಲೇ ಒಂದು ಚುಕ್ಕಿ ಸದ್ದಿಲ್ಲದೆ, ಮಿನುಗದೆ ಆಕಾಶ ದಾಟಿತು. ಕೃತಕ ಉಪಗ್ರಹ. ಕೆಂಪು-ಹಸಿರು ದೀಪ ಮಿಟುಕಿಸಿದರೆ ವಿಮಾನ.

ತಪ್ಪು ಎಲ್ಲಿದೆ ಎಂದು ತಿಳಿಯುವುದು

ಆ್ಯಪ್ ಮತ್ತು ಆಕಾಶ ಹೊಂದದಿದ್ದರೆ ಗಾಬರಿಯಿಂದ ಎಲ್ಲ ಬಟನ್ ಒತ್ತಬೇಡಿ. ತಪ್ಪು ಯಾವ ಕಡೆಗೆ ಆಗಿದೆ ಅನ್ನುವುದೇ ಕಾರಣ ಹೇಳುತ್ತದೆ.

ಎತ್ತರ ಸರಿ ಇದೆ, ಎಡಕ್ಕೋ ಬಲಕ್ಕೋ ಜರುಗಿದೆ ಅಂದರೆ ದಿಕ್ಸೂಚಿ. ನಮ್ಮ ಟ್ಯಾಂಕಿನ ಕತೆ ಇದೇ. ಕವರ್ ತೆಗೆದು, ಎಂಟು ಬರೆದು, ಜಾಗ ಬದಲಿಸಿ. ಆಗಲೂ ಆಗದಿದ್ದರೆ ದಿಕ್ಸೂಚಿ ಬಟನ್ ಆಫ್ ಮಾಡಿ ಬೆರಳಲ್ಲೇ ಎಳೆಯಿರಿ.

ಪೂರ್ವದಲ್ಲಿರುವುದೆಲ್ಲ ನಿಜಕ್ಕಿಂತ ಮೇಲಕ್ಕೆ, ಪಶ್ಚಿಮದ್ದೆಲ್ಲ ಕೆಳಕ್ಕೆ ಹೋಗಿದ್ದರೆ ಆ್ಯಪ್‌ನ ಗಡಿಯಾರ ಮುಂದಿದೆ. ಉಲ್ಟಾ ಆಗಿದ್ದರೆ ಹಿಂದಿದೆ. ಒಂದು ಗಂಟೆಗೆ ಆಕಾಶ 15 ಡಿಗ್ರಿ, ಅಂದರೆ ಒಂದೂವರೆ ಮುಷ್ಟಿ ಜರುಗುತ್ತದೆ. ಫೋನಿನ ಗಡಿಯಾರ ತಪ್ಪುವುದು ಅಪರೂಪ. ಸಾಮಾನ್ಯವಾಗಿ ಆಗುವುದು ಏನೆಂದರೆ, ಮಕ್ಕಳು ಸಮಯ ಜರುಗಿಸಿ ಆಟವಾಡಿ ಹಾಗೇ ಬಿಟ್ಟಿರುತ್ತಾರೆ. ನಮ್ಮಲ್ಲಿ ಒಮ್ಮೆ ಇಡೀ ಸಂಜೆ ಅರ್ಧರಾತ್ರಿಯ ಆಕಾಶ ಹಿಡಿದುಕೊಂಡು ಒದ್ದಾಡಿದೆವು. ಕೆಳಗಿನ ಗಡಿಯಾರ ಮುಟ್ಟಿ ಈಗಿನ ಸಮಯಕ್ಕೆ ತನ್ನಿ.

ಮೂರನೆಯದು ಜಾಗದ ತಪ್ಪು. ಇದನ್ನು ಧ್ರುವ ನಕ್ಷತ್ರ ಹೇಳುತ್ತದೆ. ಅದು ಎಷ್ಟು ಡಿಗ್ರಿ ಎತ್ತರದಲ್ಲಿರುತ್ತದೋ ನಿಮ್ಮ ಊರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರು, ತಿಪಟೂರಿಗೆ 13, ಧಾರವಾಡಕ್ಕೆ 15ರ ಮೇಲೆ, ಬೀದರಿಗೆ 18. ಆ್ಯಪ್‌ನಲ್ಲಿ `Polaris` ಹುಡುಕಿ. ಎತ್ತರ 49 ಅಂತ ತೋರಿಸಿದರೆ ಅದು ನಿಮ್ಮನ್ನು ಪ್ಯಾರಿಸಿನಲ್ಲಿ ಕೂರಿಸಿದೆ. ಆಕಾಶದಲ್ಲಿ ಧ್ರುವವನ್ನು ನೋಡುವುದು ನಮಗೆ ಅಷ್ಟು ಸುಲಭವಲ್ಲ. ಒಂದು ಮುಷ್ಟಿ, ಅದರ ಮೇಲೆ ಮೂರು ಕಿರುಬೆರಳು, ಅಷ್ಟೇ ಎತ್ತರ. ಅತ್ತೆಯ ಊರಿನಲ್ಲಿ ಉತ್ತರಕ್ಕೆ ತೆಂಗಿನ ತೋಟ, ಧ್ರುವ ಯಾವತ್ತೂ ಗರಿಗಳ ಹಿಂದೆಯೇ.

ಇನ್ನೊಂದು ದೂರು ಬೆಂಗಳೂರಿನವರದು: "ಆ್ಯಪ್‌ನಲ್ಲಿ ಸಾವಿರ ಇದೆ, ಮೇಲೆ ಹತ್ತು ಇದೆ." ಇದು ತಪ್ಪಲ್ಲ, ಊರಿನ ಬೆಳಕು. ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದಷ್ಟೂ ಆ್ಯಪ್ ಹೆಚ್ಚು ಹೆಚ್ಚು ಮಂಕು ನಕ್ಷತ್ರ ಸೇರಿಸುತ್ತದೆ. ಕುಗ್ಗಿಸಿ, ಇಡೀ ಆಕಾಶದ ಕಾಲುಭಾಗ ಪರದೆಯಲ್ಲಿ ಬರುವಷ್ಟು. ಆಮೇಲೆ ದಪ್ಪ ಚುಕ್ಕಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಆರಿದ್ರಾ ಮಳೆ, ಆರಿದ್ರಾ ನಕ್ಷತ್ರ

ಆವತ್ತು ರಾತ್ರಿ ಮಹಾವ್ಯಾಧನ ಹೆಗಲಿನ ಕೆಂಪು ನಕ್ಷತ್ರ ತೋರಿಸಿ, ಇದೇ ಆರಿದ್ರಾ ಅಂದೆ. ಅತ್ತೆ ಒಪ್ಪಲಿಲ್ಲ. "ಆರಿದ್ರಾ ಬರೋದು ಜೂನ್‌ನಲ್ಲಿ ಕಣಮ್ಮ. ಮಳೆ ನಕ್ಷತ್ರ ಅದು. ಸಂಕ್ರಾಂತಿಗೆ ಎಲ್ಲಿಂದ ಬಂತು?" ಅಂದರು. ಒಳ್ಳೆಯ ಪ್ರಶ್ನೆ. ಉತ್ತರ ಆ್ಯಪ್‌ನಲ್ಲೇ ಇತ್ತು. ನಾನು ಈ ಆ್ಯಪ್ ಉಳಿಸಿಕೊಂಡಿರುವುದೇ ಇಂಥದ್ದಕ್ಕೆ.

ನೀವೂ ಮಾಡಿ ನೋಡಿ. ಕೆಳಗಿನ ಗಡಿಯಾರ ಮುಟ್ಟಿ, ದಿನಾಂಕ 2026ರ ಜೂನ್ 21, ಸಮಯ ಮಧ್ಯಾಹ್ನ ಹನ್ನೆರಡೂಕಾಲು ಇಡಿ. ಹಗಲಾದ್ದರಿಂದ ಪರದೆ ನೀಲಿಯಾಗುತ್ತದೆ. ಈಗ ವಾತಾವರಣದ ಬಟನ್ ಆಫ್ ಮಾಡಿ. ನೀಲಿ ಹೋಗಿ ಸೂರ್ಯನ ಸುತ್ತ ನಕ್ಷತ್ರಗಳು ಕಾಣುತ್ತವೆ. `Betelgeuse` ಹುಡುಕಿ, ಅದೇ ನಮ್ಮ ಆರಿದ್ರಾ. ಸೂರ್ಯ ನೆತ್ತಿಯಿಂದ ಒಂದು ಮುಷ್ಟಿ ಉತ್ತರಕ್ಕಿದ್ದಾನೆ. ಹೌದು, ಜೂನ್‌ನಲ್ಲಿ ನಮ್ಮ ಸೂರ್ಯ ಉತ್ತರಕ್ಕೆ ಹೋಗಿರುತ್ತಾನೆ. ಆರಿದ್ರಾ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕಿದೆ. ಇಬ್ಬರ ನಡುವೆ ಒಂದೂವರೆ ಮುಷ್ಟಿಯೇ ಅಂತರ, ಒಟ್ಟಿಗೆ ನೆತ್ತಿ ದಾಟುತ್ತಾರೆ.

ಆರಿದ್ರಾ ಮಳೆ ಅಂದರೆ ಸೂರ್ಯ ಆರಿದ್ರಾ ನಕ್ಷತ್ರದ ಪಾಲಿನಲ್ಲಿ ನಡೆಯುವ ಹದಿಮೂರು-ಹದಿನಾಲ್ಕು ದಿನದ ಮಳೆ. ಸೂರ್ಯ ಪಕ್ಕದಲ್ಲಿ ನಿಂತಿರುವಾಗ ಆ ನಕ್ಷತ್ರ ಕಾಣುವುದಾದರೂ ಹೇಗೆ? ಆರಿದ್ರಾ ಮಳೆ ಹೊಯ್ಯುವಾಗ ಆರಿದ್ರಾ ಕಾಣುವುದಿಲ್ಲ. ಅದು ರಾತ್ರಿಯಿಡೀ ಕಾಣಬೇಕಾದರೆ ಆರು ತಿಂಗಳು ಕಾಯಬೇಕು. ಡಿಸೆಂಬರ್, ಜನವರಿ. ಅತ್ತೆ ಸ್ವಲ್ಪ ಹೊತ್ತು ಪರದೆ ನೋಡಿದರು. "ಹಂಗಾದ್ರೆ ಮಘೆ?" ಅಂದರು.

ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅನ್ನುವ ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತದೆ. ಮಘಾ ನಕ್ಷತ್ರದ ಇಂಗ್ಲಿಷ್ ಹೆಸರು `Regulus`, ಸಿಂಹ ರಾಶಿಯದು. ದಿನಾಂಕವನ್ನು ಆಗಸ್ಟ್ 23ಕ್ಕೆ ತಂದು `Regulus` ಹುಡುಕಿದೆ. ಮೊದಲು ಕಾಣಲೇ ಇಲ್ಲ. ಹಿಗ್ಗಿಸಿದಾಗ ಸೂರ್ಯನ ಅಂಚಿನ ಪಕ್ಕದಲ್ಲೇ ಇತ್ತು, ಕಿರುಬೆರಳಿನ ಅರ್ಧ ಅಗಲವೂ ದೂರವಿಲ್ಲ.

ಇದನ್ನು ಪರದೆಯಲ್ಲಿ ಮಾತ್ರ ಮಾಡಿ. ಹಗಲಲ್ಲಿ ಮಕ್ಕಳು ಫೋನ್ ಹಿಡಿದು ಸೂರ್ಯನ ಕಡೆ ನೋಡಲು ಬಿಡಬೇಡಿ. ಬೈನಾಕ್ಯುಲರ್ ಅಂತೂ ಆ ಹೊತ್ತಿಗೆ ಬೀರುವಿನೊಳಗೇ ಇರಲಿ, ಒಂದೇ ಕ್ಷಣಕ್ಕೆ ಕಣ್ಣು ಹೋಗುತ್ತದೆ. ದಿಕ್ಸೂಚಿ ಬಟನ್ ಆಫ್ ಮಾಡಿ, ಮನೆಯೊಳಗೆ ಕೂತು ನೋಡುವ ಆಟ ಇದು.

ಹೆಸರುಗಳ ವಿಷಯ ಒಂದು ಇದೆ. ಸ್ಟೆಲೇರಿಯಂನಲ್ಲಿ `Sky Cultures` ಅನ್ನುವ ಪಟ್ಟಿ ಇದೆ, ಅದರಲ್ಲಿ ಭಾರತದ್ದೂ ಸಿಗುತ್ತದೆ. ಹಾಕಿದರೆ ಗೆರೆಗಳೂ ಹೆಸರುಗಳೂ ಬದಲಾಗುತ್ತವೆ. ಮಕ್ಕಳಿಗೆ ಮೊದಲ ದಿನವೇ ಎರಡನ್ನೂ ತೋರಿಸಬೇಡಿ, ಕಲಸಿಹೋಗುತ್ತದೆ. ನಮ್ಮ ಮೃಗಶಿರ ಮಹಾವ್ಯಾಧನ ತಲೆಯ ಮಂಕು ಚುಕ್ಕಿಗಳು, ಆರಿದ್ರಾ ಅವನ ಹೆಗಲು, ಒಂದು ಪುಂಜದಲ್ಲಿ ನಮ್ಮವು ಎರಡು. ನಾನು ಒಂದು ಹಾಳೆಯಲ್ಲಿ ಜೋಡಿ ಬರೆದು ಗೋಡೆಗೆ ಅಂಟಿಸಿದ್ದೇನೆ: ರೋಹಿಣಿ `Aldebaran`, ಕೃತ್ತಿಕೆ `Pleiades`, ಚಿತ್ತಾ `Spica`, ಸ್ವಾತಿ `Arcturus`, ಜ್ಯೇಷ್ಠಾ `Antares`, ಅಗಸ್ತ್ಯ `Canopus`.

ಕೊನೆಯದು ನಮ್ಮ ಮನೆಯಲ್ಲಿ ಇನ್ನೂ ಮಾತಾಗುತ್ತಿದೆ. ಹತ್ತು ಗಂಟೆಗೆ ಅಗಸ್ತ್ಯ ದಕ್ಷಿಣದಲ್ಲಿ ಎರಡು ಮುಷ್ಟಿ ಎತ್ತರಕ್ಕೆ ಬಂದಿತ್ತು. ನ್ಯೂಜೆರ್ಸಿಯಲ್ಲಿರುವ ನಾದಿನಿಗೆ ಅತ್ತೆ ವೀಡಿಯೊ ಕರೆ ಮಾಡಿ, "ನಿಮ್ಮಲ್ಲೂ ಕಾಣ್ತದಾ ನೋಡು" ಅಂದರು. ಅಲ್ಲಿ ಮಟಮಟ ಮಧ್ಯಾಹ್ನ. ಮಗಳು ಆ್ಯಪ್‌ನಲ್ಲಿ ಊರು ಬದಲಿಸಿ, ಸಮಯವನ್ನು ರಾತ್ರಿಯಿಂದ ಬೆಳಗಿನ ತನಕ ಜರುಗಿಸುತ್ತಾ ಹುಡುಕಿದಳು. ಅಗಸ್ತ್ಯ ನೆಲದ ಅಂಚಿನ ಕೆಳಗೇ ಸುತ್ತಿ ಹೋಯಿತು, ಮೇಲೆ ಬರಲೇ ಇಲ್ಲ. ಧ್ರುವ ಮಾತ್ರ ನಾಲ್ಕು ಮುಷ್ಟಿ ಎತ್ತರದಲ್ಲಿತ್ತು. "ನ್ಯೂಜೆರ್ಸಿ ಅತ್ತೆಗೆ ತೆಂಗಿನ ಮರ ಅಡ್ಡ ಇಲ್ಲ" ಅಂದಳು.